ರಂಧ್ರಗಳ ಕೇಂದ್ರಾಂತರವನ್ನು ಕ್ಯಾಲಿಪರಿನಿಂದ ಕಾಣುವ ಕ್ರಮ

ಕಾಗದದ ಮೇಲೆ ಕೈವಾರದಿಂದ ವೃತ್ತವನ್ನು ಬರೆದರೆ ಅದರ ಕೇಂದ್ರದಲ್ಲಿ ಮುಳ್ಳಿನ ಗುರುತು ಉಳಿಯುತ್ತದೆ. ಎರಡು ವೃತ್ತಗಳ ಕೇಂದ್ರಗಳಿಗಿರುವ ಅಂತರವನ್ನು ಅಳೆಯಬೇಕೆಂದರೆ ಆ ಎರಡು ಗುರುತುಗಳ ಮೇಲೆ ಅಳತೆಗೋಲನ್ನಿಟ್ಟರೆ ಸಾಕು. ಲೋಹದಲ್ಲಿ ಕೊರೆದ ರಂಧ್ರದ ಸಂಗತಿ ಹಾಗಲ್ಲ. ಡ್ರಿಲ್ಲಿನ ಮೊನೆಯು ಮೊತ್ತಮೊದಲು ತಿಂದುಹಾಕುವುದು ಕೇಂದ್ರವನ್ನೇ. ಕೆಲಸವು ಮುಗಿದ ಮೇಲೆ ಕೇಂದ್ರವಿದ್ದ ಸ್ಥಳದಲ್ಲಿ ಬಯಲು ಮಾತ್ರ ಉಳಿಯುತ್ತದೆ. ಕ್ಯಾಲಿಪರಾದರೋ ಲೋಹವನ್ನು ಮುಟ್ಟಿ ಅಳೆಯುವ ಸಾಧನ. ಬಯಲನ್ನು ಮುಟ್ಟಲು ಅದಕ್ಕೆ ಬಾರದು. ಆದಕಾರಣ ಮುಟ್ಟಲು ಸಿಕ್ಕುವ ಅಂಚುಗಳಿಂದ, ಮುಟ್ಟಲು ಸಿಕ್ಕದ ಕೇಂದ್ರಗಳ ಅಂತರವನ್ನು ಊಹಿಸಿ ತೆಗೆಯಬೇಕಾಗುತ್ತದೆ. ಈ ಊಹೆಯು ಎಷ್ಟು ಸುಲಭವೋ ಅಷ್ಟೇ ಸುಲಭವಾಗಿ ತಪ್ಪುವಂಥದು. ಅದು ಎಲ್ಲಿ ತಪ್ಪುತ್ತದೆ, ತಪ್ಪಿತೆಂಬುದನ್ನು ಅರಿಯುವುದು ಹೇಗೆ ಎಂಬುದೇ ಈ ಲೇಖನದ ವಿಷಯ.

ಪ್ರಸಂಗವು ಒದಗಿದ್ದು ಹೀಗೆ. ಸ್ನೇಹಿತರೊಬ್ಬರ ಚಿಕ್ಕ ಯಂತ್ರವೊಂದರಲ್ಲಿ, ಹೆಜ್ಜೆ ಹೆಜ್ಜೆಯಾಗಿ ತಿರುಗುವ ಸ್ಟೆಪ್ಪರ್ ಮೋಟರನ್ನು ಹಿಡಿದಿರುವ ಉಕ್ಕಿನ ಹಲಗೆಯು ಬಿರುಕುಬಿಟ್ಟಿತ್ತು. ಹೊಸ ಹಲಗೆಯನ್ನು ಒಂದು ಅಂಗಡಿಯಲ್ಲಿ ಮಾಡಿಸಿ ತಂದರು. ಮೋಟರಿನ ಮುಖದಲ್ಲಿ ಚೌಕದ ನಾಲ್ಕು ಮೂಲೆಗಳಲ್ಲಿ ನಾಲ್ಕು ರಂಧ್ರಗಳು. ಹಲಗೆಯಲ್ಲಿ ಅವುಗಳಿಗೆ ಎದುರಾಗಿ ೫ ಮಿಲಿಮೀಟರಿನ ಬೋಲ್ಟುಗಳಿಗೆ ತಿರುಪು ಕೊರೆದ ನಾಲ್ಕು ರಂಧ್ರಗಳು. ಮೊದಲ ಎರಡು ಬೋಲ್ಟುಗಳು ಹೇಗೋ ಹಿಡಿದುವು. ಮೂರನೆಯದು ಬಾಯಲ್ಲೇ ನಿಂತಿತು. ನಾಲ್ಕನೆಯದು ರಂಧ್ರದ ಕಡೆಗೆ ನೋಡಲೂ ಇಲ್ಲ. ವಿಚಾರಿಸಲಾಗಿ, ಹಲಗೆಯನ್ನು ಮಾಡಿದವರು ಮೋಟರಿನ ಮೇಲೆ ಕ್ಯಾಲಿಪರನ್ನಿಟ್ಟು, ನೆರೆಯ ಎರಡು ರಂಧ್ರಗಳ ನಡುವಣ ಅಂತರವು ೪೭ಕ್ಕೆ ಸ್ವಲ್ಪ ಹೆಚ್ಚಾಗಿ ಬಂದುದನ್ನು ಕಂಡು, ಮಿಲಿಮೀಟರಿನಲ್ಲಿ ಯಾರೂ ಇಂಥ ಒಡಕು ಸಂಖ್ಯೆಯನ್ನು ಇಡಲಾರರೆಂದು ಎಣಿಸಿ, ೪೭ ಎಂದೇ ಗೊತ್ತುಮಾಡಿದ್ದರು. ಎಣಿಕೆಯು ಅಸಂಗತವಾದುದೇನೂ ಅಲ್ಲ. ಆದರೆ ಅಳತೆಯು ಹೇಳಿದ ಮಾತನ್ನು ಎಣಿಕೆಯು ಅಳಿಸಿಹಾಕಿತು.

ಮೊದಲು ರೇಖಾಗಣಿತವನ್ನು ನೋಡೋಣ. ಎರಡು ರಂಧ್ರಗಳ ಕೇಂದ್ರಗಳನ್ನು ಸೇರಿಸುವ ಸರಳರೇಖೆಯು ರಂಧ್ರಗಳ ಅಂಚನ್ನು ನಾಲ್ಕು ಕಡೆ ದಾಟುತ್ತದೆ. ಇವುಗಳಲ್ಲಿ ಒಂದಕ್ಕೊಂದು ಅತ್ಯಂತ ಸಮೀಪದಲ್ಲಿರುವ ಎರಡು ಅಂಚುಗಳ ನಡುವಣ ಲೋಹದ ಅಗಲವನ್ನು ‘ಹ’ ಎಂದೂ, ಅತ್ಯಂತ ದೂರದಲ್ಲಿರುವ ಎರಡು ಅಂಚುಗಳ ಅಂತರವನ್ನು ‘ದೂ’ ಎಂದೂ ಕರೆಯೋಣ. ಕೇಂದ್ರಾಂತರವು ‘ಕ’ ಆಗಿರಲಿ. ಹತ್ತಿರದ ಅಂಚುಗಳ ಅಳತೆಯು ಕೇಂದ್ರಾಂತರಕ್ಕಿಂತ ಎರಡು ತ್ರಿಜ್ಯಗಳಷ್ಟು ಕಡಮೆ. ದೂರದ ಅಂಚುಗಳ ಅಳತೆಯು ಅದಕ್ಕಿಂತ ಅದೇ ಎರಡು ತ್ರಿಜ್ಯಗಳಷ್ಟು ಹೆಚ್ಚು. ಎರಡನ್ನೂ ಕೂಡಿಸಿದರೆ ತ್ರಿಜ್ಯಗಳು ತಾವಾಗಿ ಕಳೆದುಹೋಗಿ ಕೇಂದ್ರಾಂತರದ ಎರಡರಷ್ಟು ಉಳಿಯುತ್ತದೆ. ಆದ್ದರಿಂದ

ಕ = (ದೂ + ಹ) ÷ ೨

ಎಂದಾಗುತ್ತದೆ. ಇದರಲ್ಲಿ ಗಮನಿಸತಕ್ಕ ಅಂಶವೆಂದರೆ, ರಂಧ್ರಗಳ ವ್ಯಾಸವೆಷ್ಟೆಂದು ನಮಗೆ ಗೊತ್ತಿರಬೇಕಾಗಿಲ್ಲ. ಎರಡೂ ರಂಧ್ರಗಳು ಒಂದೇ ಗಾತ್ರದವಾಗಿರಬೇಕೆಂಬ ನಿಯಮವೂ ಇಲ್ಲ. ಒಂದು ೬ ಮಿಲಿಮೀಟರಿನದಾಗಿ ಇನ್ನೊಂದು ೨೦ ಮಿಲಿಮೀಟರಿನದಾದರೂ ಸೂತ್ರವು ಹಾಗೆಯೇ ನಿಲ್ಲುತ್ತದೆ. ಕೂಡಿಸುವುದಕ್ಕೆ ಬದಲಾಗಿ ಕಳೆದರೆ ಇನ್ನೊಂದು ಸಂಗತಿಯು ಹೊರಬೀಳುತ್ತದೆ: ದೂ − ಹ ಎಂಬುದು ಎರಡು ವ್ಯಾಸಗಳ ಮೊತ್ತ. ಇದು ಈಗ ಅನಾವಶ್ಯಕವೆಂದು ತೋರಬಹುದು. ಮುಂದೆ ಇದೇ ನಮಗೆ ಸಾಕ್ಷಿಯಾಗಿ ಒದಗುವುದು.

ಇನ್ನು ಅಳೆಯುವ ಬಗೆ. ಸಾಮಾನ್ಯವಾದ ವರ್ನಿಯರ್ ಕ್ಯಾಲಿಪರಿನಲ್ಲಿ ಎರಡು ಜೊತೆ ದವಡೆಗಳಿರುವುವು. ಕೆಳಗಿನ ದೊಡ್ಡ ದವಡೆಗಳು ವಸ್ತುವನ್ನು ಹೊರಗಿನಿಂದ ಹಿಡಿಯುವುವು. ಮೇಲಿನ ಚಿಕ್ಕ ದವಡೆಗಳು ಬಿಡುವಿನೊಳಗೆ ಹೊಕ್ಕು ಹೊರಕ್ಕೆ ಒತ್ತುವುವು. ‘ಹ’ ಎಂಬುದನ್ನು ದೊಡ್ಡ ದವಡೆಗಳಿಂದ, ಒಂದೊಂದರ ತುದಿಯನ್ನು ಒಂದೊಂದು ರಂಧ್ರದೊಳಗಿಳಿಸಿ ನಡುವಣ ಲೋಹವನ್ನು ಹಿಡಿದು ಅಳೆಯಬೇಕು. ‘ದೂ’ ಎಂಬುದನ್ನು ಚಿಕ್ಕ ದವಡೆಗಳಿಂದ, ಅವುಗಳನ್ನು ಎರಡು ರಂಧ್ರಗಳಲ್ಲಿ ಇಳಿಸಿ ಹೊರಕ್ಕೆ ಸರಿಸಿ ಅಳೆಯಬೇಕು. ಹೊರ ಅಂಚುಗಳ ಅಳತೆಗೆ ಒಳ ಅಳತೆಯ ದವಡೆ, ಒಳ ಅಂಚುಗಳ ಅಳತೆಗೆ ಹೊರ ಅಳತೆಯ ದವಡೆ ಎಂಬ ಈ ವಿಪರ್ಯಾಸವು ಹೊಸಬರನ್ನು ಒಮ್ಮೆಯಾದರೂ ತಡವರಿಸುವಂತೆ ಮಾಡುವುದುಂಟು.

ಸಾಧನವನ್ನು ಕೇಂದ್ರರೇಖೆಯ ಮೇಲೆಯೇ ನಿಲ್ಲಿಸಿದ್ದೇವೆಂದು ತಿಳಿಯುವುದು ಹೇಗೆ? ಕೈಯಿಂದ ಮೆಲ್ಲನೆ ಆಡಿಸಿ ನೋಡುವುದೊಂದೇ ದಾರಿ. ‘ಹ’ವನ್ನು ಅಳೆಯುವಾಗ, ಸಾಧನವನ್ನು ಅಡ್ಡಲಾಗಿ ಸರಿಸಿದರೂ ಮೇಲೆ ಕೆಳಗೆ ಓಲಿಸಿದರೂ ಓದಿಕೆಯು ಹೆಚ್ಚುತ್ತದೆ, ಅತ್ಯಂತ ಕಡಮೆಯಾದುದೇ ಸರಿಯಾದ ಓದಿಕೆ. ‘ದೂ’ವಿನ ವಿಷಯದಲ್ಲಿ ನಡೆವಳಿಕೆಯು ಇಬ್ಬಗೆಯಾದುದು. ಅಡ್ಡಲಾಗಿ ಸರಿಸಿದಾಗ ಕೇಂದ್ರರೇಖೆಯ ಮೇಲೆ ಓದಿಕೆಯು ಅತ್ಯಧಿಕವಾಗಿರುತ್ತದೆ. ರಂಧ್ರದ ಆಳದ ದಿಕ್ಕಿನಲ್ಲಿ ಓಲಿಸಿದಾಗ, ಸಾಧನವು ನೆಟ್ಟಗೆ ನಿಂತ ಸ್ಥಿತಿಯಲ್ಲಿ ಅತ್ಯಲ್ಪವಾಗಿರುತ್ತದೆ. ಆದ್ದರಿಂದ ಮೊದಲು ಸಾಧನವನ್ನು ಹಲಗೆಯ ಮೈಗೆ ನೆಟ್ಟಗಿಟ್ಟುಕೊಂಡು, ಬಳಿಕ ಅಡ್ಡಲಾಗಿ ಆಡಿಸಿ ಹೆಚ್ಚಿನ ಓದಿಕೆಯನ್ನು ಹುಡುಕಬೇಕು. ಕೇವಲ ‘ಹೆಚ್ಚಿನದನ್ನು ತೆಗೆದುಕೋ’ ಎಂದು ಕಲಿತವನು ಸಾಧನವನ್ನು ವಾಲಿಸಿ ಹೆಚ್ಚಿಸಿಕೊಳ್ಳುವ ಅಪಾಯವಿದೆ.

ಈ ಕ್ರಮದಿಂದ ನಾನು ಮೋಟರಿನ ನೆರೆಯ ಎರಡು ರಂಧ್ರಗಳನ್ನು ಅಳೆದೆನು. ಸಾಧನವು ಮಿಲಿಮೀಟರಿನ ಐವತ್ತನೆಯ ಒಂದು ಪಾಲನ್ನು, ಎಂದರೆ ೦.೦೨ನ್ನು, ತೋರಿಸುವಂಥದು. ದೂ ೫೨.೨೪ ಎಂದೂ ಹ ೪೨.೧೪ ಎಂದೂ ಬಂದುವು. ಮೊತ್ತವು ೯೪.೩೮, ಅದರ ಅರ್ಧ ೪೭.೧೯. ಹಲಗೆಯು ಏಕೆ ಕೂಡಲಿಲ್ಲವೆಂಬುದಕ್ಕೆ ಇಷ್ಟೇ ಸಾಕಾದ ಉತ್ತರ. ಆದರೆ ಹೊಸ ಹಲಗೆಗೆ ೪೭.೧೯ ಎಂದು ಬರೆದುಕೊಡುವ ಮುನ್ನ ವ್ಯವಕಲನದ ಸಾಕ್ಷಿಯನ್ನು ಕೇಳಬೇಕೆಂದು ತೋರಿತು. ೫೨.೨೪ರಲ್ಲಿ ೪೨.೧೪ ಕಳೆದರೆ ೧೦.೧೦, ಎಂದರೆ ರಂಧ್ರಗಳ ಸರಾಸರಿ ವ್ಯಾಸ ೫.೦೫ ಎಂದಾಯಿತು. ಆದರೆ ಅದೇ ರಂಧ್ರಗಳಲ್ಲಿ ೫.೧೦ ಮಿಲಿಮೀಟರ್ ದಪ್ಪದ ಡ್ರಿಲ್ಲಿನ ಹಿಡಿಕೆಯು, ಬಿಗಿಯಾಗಿಯಾದರೂ, ಇಳಿಯುತ್ತಿತ್ತು. ಐದೂ ಐದು ಶತಾಂಶದ ರಂಧ್ರದೊಳಗೆ ಐದೂ ಹತ್ತು ಶತಾಂಶದ ಉಕ್ಕು ಹೋಗುವುದೆಂತು? ಅಳತೆಯಲ್ಲಿ ಎಲ್ಲಿಯೋ ಹತ್ತು ಶತಾಂಶ ಕಳೆದುಹೋಗಿದೆಯೆಂಬುದು ಸ್ಪಷ್ಟ.

ಕಳೆದುಹೋದುದು ದವಡೆಗಳ ತುದಿಯಲ್ಲಿ. ದವಡೆಯ ಅಂಚನ್ನು ನಾವು ಕತ್ತಿಯ ಅಲಗಿನಂತೆ ಹರಿತವಾದ ರೇಖೆಯೆಂದು ಭಾವಿಸುತ್ತೇವೆ. ವಾಸ್ತವವಾಗಿ ಅದಕ್ಕೊಂದು ಚಪ್ಪಟೆಯಾದ ಅಗಲವಿದೆ. ಇಲ್ಲದಿದ್ದರೆ ಅದು ಬೇಗ ಸವೆದುಹೋಗುತ್ತಿತ್ತು. ಚಪ್ಪಟೆಯಾದ ಈ ಮುಖವನ್ನು ರಂಧ್ರದ ಬಾಗಿದ ಗೋಡೆಗೆ ಒಳಗಿನಿಂದ ಒತ್ತಿದಾಗ, ಅದರ ಎರಡು ಮೂಲೆಗಳು ಗೋಡೆಗೆ ತಾಗುತ್ತವೆಯೇ ಹೊರತು ನಡುವು ತಾಗುವುದಿಲ್ಲ. ಮುಖವು ವೃತ್ತದಲ್ಲಿ ಒಂದು ಜ್ಯಾ ಆಗಿ ನಿಲ್ಲುತ್ತದೆ. ಜ್ಯಾದ ನಡುವಿನಿಂದ ಗೋಡೆಯವರೆಗೆ ಉಳಿಯುವ ಸಂದು ನಮ್ಮ ಪ್ರಾಚೀನ ಗಣಿತಜ್ಞರು ‘ಶರ’ವೆಂದು ಕರೆದ ಭಾಗ. ಬಿಲ್ಲು, ಹೆದೆ, ಬಾಣಗಳ ಈ ಹೋಲಿಕೆಯು ಇಲ್ಲಿಗೆ ಹೇಳಿ ಮಾಡಿಸಿದಂತಿದೆ. ವೃತ್ತದಲ್ಲಿ ಎರಡು ಶರಗಳ ಗುಣಲಬ್ಧವು ಅರ್ಧಜ್ಯಾದ ವರ್ಗಕ್ಕೆ ಸಮವೆಂಬ ನಿಯಮವನ್ನು ಆರ್ಯಭಟನು ಕ್ರಿ. ಶ. ೪೯೯ರಷ್ಟು ಹಿಂದೆಯೇ ತನ್ನ ‘ಆರ್ಯಭಟೀಯ’ದ ಗಣಿತಪಾದದಲ್ಲಿ ಹೇಳಿದ್ದಾನೆ. ಶರಗಳಲ್ಲಿ ಒಂದು ಅತ್ಯಲ್ಪವಾಗಿದ್ದರೆ ಇನ್ನೊಂದು ಹೆಚ್ಚುಕಡಮೆ ವ್ಯಾಸವೇ ಆಗುವುದರಿಂದ, ಚಿಕ್ಕ ಶರವು ಅರ್ಧಜ್ಯಾದ ವರ್ಗವನ್ನು ವ್ಯಾಸದಿಂದ ಭಾಗಿಸಿದಷ್ಟು.

ನನ್ನ ಸಾಧನದ ದೊಡ್ಡ ದವಡೆಗಳ ತುದಿಯ ದಪ್ಪವನ್ನು ಮೈಕ್ರೋಮೀಟರಿನಿಂದ ನೋಡಲು ೧.೦ ಮಿಲಿಮೀಟರ್ ಇದ್ದಿತು. ಚಿಕ್ಕ ದವಡೆಗಳ ಅಂಚು ೦.೩. ರಂಧ್ರದ ವ್ಯಾಸ ೫.೧. ದೊಡ್ಡ ದವಡೆಗೆ ಅರ್ಧಜ್ಯಾ ೦.೫, ಅದರ ವರ್ಗ ೦.೨೫, ೫.೧ರಿಂದ ಭಾಗಿಸಲು ಶರವು ೦.೦೪೯. ಚಿಕ್ಕ ದವಡೆಗೆ ಅರ್ಧಜ್ಯಾ ೦.೧೫, ವರ್ಗ ೦.೦೨೨೫, ಶರವು ೦.೦೦೪. ಪ್ರತಿಯೊಂದು ಅಳತೆಯಲ್ಲಿಯೂ ಎರಡು ರಂಧ್ರಗಳ ಎರಡು ಶರಗಳು ಸೇರುತ್ತವೆ. ದೊಡ್ಡ ದವಡೆಗಳು ಲೋಹವನ್ನು ಪೂರ್ತಿ ಮುಟ್ಟಲಾರದೆ ದೂರ ನಿಲ್ಲುವುದರಿಂದ ‘ಹ’ವು ಸುಮಾರು ೦.೧೦ರಷ್ಟು ಹೆಚ್ಚಾಗಿ ಬಂದಿದೆ. ಚಿಕ್ಕ ದವಡೆಗಳು ಕೊನೆಯವರೆಗೆ ಹೋಗಲಾರದೆ ‘ದೂ’ವು ಸುಮಾರು ೦.೦೧ರಷ್ಟು ಕಡಮೆಯಾಗಿ ಬಂದಿದೆ.

ಇಲ್ಲಿ ಒಂದು ಸ್ವಾರಸ್ಯವಿದೆ. ಎರಡು ಜೊತೆ ದವಡೆಗಳ ಅಂಚೂ ಒಂದೇ ದಪ್ಪದ್ದಾಗಿದ್ದಿದ್ದರೆ, ಒಂದರ ಹೆಚ್ಚಳವೂ ಇನ್ನೊಂದರ ಕೊರತೆಯೂ ಮೊತ್ತದಲ್ಲಿ ಒಂದನ್ನೊಂದು ನುಂಗಿ, ಕೇಂದ್ರಾಂತರವು ತಪ್ಪಿಲ್ಲದೆ ಬರುತ್ತಿತ್ತು. ದಪ್ಪಗಳು ಬೇರೆಯಾದುದರಿಂದ, ಒಂದು ದೊಡ್ಡ ಶರದಲ್ಲಿ ಒಂದು ಚಿಕ್ಕ ಶರವನ್ನು ಕಳೆದಷ್ಟು ತಪ್ಪು ಉಳಿಯುತ್ತದೆ: ೦.೦೪೯ − ೦.೦೦೪ = ೦.೦೪೫. ಇದನ್ನು ೪೭.೧೯ರಲ್ಲಿ ಕಳೆದರೆ ೪೭.೧೪೫. ಅಂಚಿನ ದಪ್ಪವನ್ನು ಅಳೆಯುವ ಅನುಕೂಲವಿಲ್ಲದವರಿಗೂ ವ್ಯವಕಲನವು ಒಂದು ಮೇರೆಯನ್ನು ಹಾಕಿಕೊಡುತ್ತದೆ. ವ್ಯಾಸಗಳ ಮೊತ್ತದಲ್ಲಿ ಬಂದ ಕೊರತೆಯು ನಾಲ್ಕು ಶರಗಳ ಮೊತ್ತ. ಅದರ ಅರ್ಧವು ಒಂದು ದೊಡ್ಡದು, ಒಂದು ಚಿಕ್ಕದು ಕೂಡಿದಷ್ಟು. ಕೇಂದ್ರಾಂತರದ ತಪ್ಪು ಅವೆರಡರ ವ್ಯತ್ಯಾಸವಾದುದರಿಂದ ಅದಕ್ಕಿಂತ ಹೆಚ್ಚಾಗಲಾರದು. ನಮ್ಮ ಉದಾಹರಣೆಯಲ್ಲಿ ಕೊರತೆ ೦.೧೦, ಆದ್ದರಿಂದ ಈ ಕಾರಣದಿಂದ ಹುಟ್ಟುವ ತಪ್ಪು ೦.೦೫ನ್ನು ಮೀರದು. ಮೊತ್ತವು ಮುಚ್ಚಿಟ್ಟುದನ್ನು ವ್ಯತ್ಯಾಸವು ಬಯಲಿಗೆಳೆಯುವುದೆಂದರೆ ಹೀಗೆ.

ಈ ೪೭.೧೪೫ ಎಂಬ ಒಡಕು ಸಂಖ್ಯೆಗೆ ಅರ್ಥವಿದೆಯೆ? ಇದೆ. ಈ ಜಾತಿಯ ಮೋಟರುಗಳ ಮುಖದ ಅಳತೆಯನ್ನು ಗೊತ್ತುಮಾಡಿದವರು ಅಮೆರಿಕದ ವಿದ್ಯುದ್ಯಂತ್ರ ತಯಾರಕರ ಸಂಘದವರು. ಸಂಘದ ಹೆಸರಿನ ಮೊದಲಕ್ಷರಗಳಿಂದ ಇದಕ್ಕೆ ‘ನೆಮಾ ೨೩’ ಎಂಬ ಹೆಸರು ಬಂದಿದೆ. ೨೩ ಎಂದರೆ ಮುಖದ ಅಗಲವು ೨.೩ ಅಂಗುಲವೆಂದು ಸೂಚನೆ. ನಾಲ್ಕು ರಂಧ್ರಗಳು ೨.೬೨೫ ಅಂಗುಲ ವ್ಯಾಸದ ಒಂದು ವೃತ್ತದ ಮೇಲೆ ಕುಳಿತಿವೆ. ಮಿಲಿಮೀಟರಿನಲ್ಲಿ ಅದು ೬೬.೬೭೫. ಚೌಕದ ಕರ್ಣವು ಇಷ್ಟಾದರೆ ಭುಜವು ಎರಡರ ವರ್ಗಮೂಲದಿಂದ ಭಾಗಿಸಿದಷ್ಟು, ಎಂದರೆ ೪೭.೧೪೬. ಪಟ್ಟಿಗಳಲ್ಲಿ ೪೭.೧೪ ಎಂದು ಅಚ್ಚಾಗಿರುವುದು ಇದೇ. ಅಂಗುಲದಲ್ಲಿ ಹುಟ್ಟಿದ ಅಳತೆಯನ್ನು ಮಿಲಿಮೀಟರಿನ ದುಂಡು ಸಂಖ್ಯೆಗೆ ಇಳಿಸಹೋದುದೇ ಅಂಗಡಿಯವರ ಪ್ರಮಾದ. ಕರ್ಣವನ್ನೇ ನೇರವಾಗಿ ಅಳೆಯಬಾರದೆ ಎಂದರೆ, ಮೋಟರಿನ ಕಂಬಿಯು ಮುಖದ ನಡುವೆ ಎದ್ದುನಿಂತು ಕ್ಯಾಲಿಪರಿಗೆ ಅಡ್ಡಬರುತ್ತದೆ. ಭುಜಗಳನ್ನು ಅಳೆದು ಕರ್ಣವನ್ನು ಗಣಿಸುವುದೇ ಗತಿ.

ಇಷ್ಟು ಸೂಕ್ಷ್ಮವು ಬೇಕೆ ಎಂಬ ಶಂಕೆಗೆ ಹಲಗೆಯೇ ಉತ್ತರ ಹೇಳುತ್ತದೆ. ಬೋಲ್ಟಿನ ದಪ್ಪ ಪೂರ್ತಿ ೫ ಎಂದೇ ಎಣಿಸಿದರೆ, ೫.೧ರ ರಂಧ್ರದಲ್ಲಿ ಅದು ನಡುವಿನಿಂದ ಯಾವ ಕಡೆಗಾದರೂ ೦.೦೫ ಮಾತ್ರ ಸರಿಯಬಲ್ಲದು. ಚೌಕದ ಭುಜದಲ್ಲಿ ೦.೧೪ ತಪ್ಪಿದರೆ ಕರ್ಣದಲ್ಲಿ ೦.೨೦ ತಪ್ಪುತ್ತದೆ, ಪ್ರತಿಯೊಂದು ಮೂಲೆಯೂ ತನ್ನ ಸ್ಥಳದಿಂದ ೦.೧೦ ದೂರ ಹೋಗುತ್ತದೆ. ಇರುವ ಸಡಿಲದ ಎರಡರಷ್ಟು! ತಿದ್ದದ ೪೭.೧೯ನ್ನು ಕೊಟ್ಟಿದ್ದರೆ ಮೂಲೆಯ ತಪ್ಪು ೦.೦೩ರಷ್ಟಾಗಿ ಬೋಲ್ಟುಗಳು ಕುಳಿತಿರುತ್ತಿದ್ದುವು. ಆದರೆ ಸಡಿಲದಲ್ಲಿ ಅರ್ಧಕ್ಕಿಂತ ಹೆಚ್ಚು ಅಳತೆಗಾರನ ಪಾಲಾಗಿ, ಡ್ರಿಲ್ ಹಿಡಿದವನಿಗೆ ಉಳಿಯುತ್ತಿದ್ದುದು ಬಹಳ ಕಡಮೆ.

ಈ ಕ್ರಮಕ್ಕೆ ಪ್ರತಿಯಾಗಿ ಕಾರ್ಖಾನೆಗಳಲ್ಲಿ ಇನ್ನೊಂದು ಉಪಾಯವು ಬಳಕೆಯಲ್ಲಿದೆ. ಅಂಕಿಗಳನ್ನು ತೋರಿಸುವ ವಿದ್ಯುತ್ ಕ್ಯಾಲಿಪರುಗಳು ಬಂದ ಮೇಲೆ ಅದು ಬಹಳ ಮೆಚ್ಚಿಕೆಯಾಗಿದೆ. ಚಿಕ್ಕ ದವಡೆಗಳಿಂದ ಒಂದು ರಂಧ್ರದ ವ್ಯಾಸವನ್ನು ಹಿಡಿದು ಅಲ್ಲಿಯೇ ಸೊನ್ನೆಯ ಗುಂಡಿಯನ್ನೊತ್ತುವುದು. ಆಮೇಲೆ ಅದೇ ದವಡೆಗಳಿಂದ ದೂರದ ಅಂಚುಗಳನ್ನು ಅಳೆಯುವುದು. ವ್ಯಾಸವು ಮೊದಲೇ ಕಳೆದಿರುವುದರಿಂದ ತೋರುವ ಅಂಕಿಯೇ ಕೇಂದ್ರಾಂತರ. ರಂಧ್ರಗಳೆರಡೂ ಸಮವಾಗಿದ್ದರೆ ಮಾತ್ರ ಇದು ಸರಿ. ಅಸಮವಾದರೆ ವ್ಯಾಸಗಳ ವ್ಯತ್ಯಾಸದ ಅರ್ಧದಷ್ಟು ತಪ್ಪು. ಇದಕ್ಕೊಂದು ಗುಣವೂ ಒಂದು ದೋಷವೂ ಇವೆ. ಗುಣವೆಂದರೆ, ಸಾಧನವು ಮುಚ್ಚಿದಾಗ ಸೊನ್ನೆಯನ್ನು ತೋರದಿದ್ದರೂ ಆ ತಪ್ಪು ಕಳೆಯುವಿಕೆಯಲ್ಲಿ ಹೋಗಿಬಿಡುತ್ತದೆ. ನಮ್ಮ ಸಂಕಲನಕ್ರಮದಲ್ಲಿ ಹಾಗಲ್ಲ: ಸೊನ್ನೆಯ ತಪ್ಪು ೦.೦೪ ಇದ್ದರೆ ‘ದೂ’ವಿನಲ್ಲಿಯೂ ‘ಹ’ದಲ್ಲಿಯೂ ಸೇರಿ, ಎರಡರಿಂದ ಭಾಗಿಸಿದ ಮೇಲೂ ಪೂರ್ತಿ ೦.೦೪ ಆಗಿಯೇ ಉಳಿಯುತ್ತದೆ. ಭಾಗಾಕಾರವು ಅದನ್ನು ಅರ್ಧಮಾಡುವುದೆಂದು ಹಲವರು ಭ್ರಮಿಸುತ್ತಾರೆ. ಆದಕಾರಣ ಸಂಕಲನಕ್ರಮಕ್ಕೆ ಕೈಯಿಡುವವನು ಮೊದಲು ದವಡೆಗಳನ್ನು ಒರಸಿ, ಮುಚ್ಚಿ, ಸೊನ್ನೆಯನ್ನು ನೋಡಿಕೊಳ್ಳಬೇಕು. ಚಿಕ್ಕ ದವಡೆಗಳು ದೊಡ್ಡವುಗಳೊಡನೆ ಒಮ್ಮತವಾಗಿವೆಯೇ ಎಂಬುದನ್ನೂ, ಮೈಕ್ರೋಮೀಟರನ್ನು ೨೫.೦೦ಕ್ಕೆ ತೆರೆದು ಅದರ ಬಾಯನ್ನು ಚಿಕ್ಕ ದವಡೆಗಳಿಂದ ಅಳೆದು, ಪರೀಕ್ಷಿಸಬೇಕು.

ದೋಷವು ಚಿಕ್ಕ ರಂಧ್ರಗಳಲ್ಲಿ ಕಾಣಿಸುತ್ತದೆ. ಎರಡು ಚಿಕ್ಕ ದವಡೆಗಳೂ ಒಂದೇ ರಂಧ್ರದೊಳಗೆ ಹೋದಾಗ ಅವು ಒಂದರ ಪಕ್ಕದಲ್ಲೊಂದು ನಿಲ್ಲುತ್ತವೆ. ಆಗ ವೃತ್ತದಲ್ಲಿ ಜ್ಯಾ ಆಗುವುದು ಒಂದರ ದಪ್ಪವಲ್ಲ, ಎರಡರ ದಪ್ಪವೂ ಸೇರಿದುದು. ೦.೩ರ ಬದಲು ೦.೬ ಎಂದಿಟ್ಟು ಮೇಲಿನ ನಿಯಮವನ್ನೇ ಹಚ್ಚಿದರೆ ಎರಡು ಕಡೆಯ ಶರಗಳೂ ಕೂಡಿ ೦.೦೩೫ ಬರುತ್ತದೆ. ನನ್ನ ಸಾಧನವು ೫.೧ರ ರಂಧ್ರವನ್ನು ೫.೦೬ ಎಂದು ತೋರಿಸಿತು, ಅದನ್ನು ೫೨.೨೪ರಲ್ಲಿ ಕಳೆದರೆ ೪೭.೧೮. ಎರಡು ಕ್ರಮಗಳೂ ಬೇರೆ ಬೇರೆ ಕಾರಣಗಳಿಂದ ಹೆಚ್ಚುಕಡಮೆ ಒಂದೇ ತಪ್ಪಿಗೆ ಬಂದು ನಿಂತುವು! ಎರಡು ದಾರಿಗಳಿಂದ ಒಂದೇ ಉತ್ತರ ಬಂದಿತೆಂದು ಹಿಗ್ಗುವವನಿಗೆ ಇದೊಂದು ಎಚ್ಚರಿಕೆ. ವ್ಯಾಸವು ೨೦, ೩೦ ಮಿಲಿಮೀಟರಿಗೆ ಏರಿದರೆ ಶರಗಳು ಅದೇ ಪ್ರಮಾಣದಲ್ಲಿ ಇಳಿದು, ಈ ಚರ್ಚೆಯೆಲ್ಲ ವರ್ನಿಯರಿನ ಒಂದು ಗೆರೆಗಿಂತ ಕಿರಿದಾಗಿಬಿಡುತ್ತದೆ.

ರಂಧ್ರದ ಅಂಚಿನಲ್ಲಿ ಎದ್ದಿರುವ ‘ಬರ್’ ಎಂಬ ಲೋಹದ ಸಿಬಿರನ್ನು ಅಳೆಯುವ ಮುನ್ನ ತೆಗೆದುಹಾಕಬೇಕೆಂಬುದನ್ನು ವಿಸ್ತರಿಸಬೇಕಾಗಿಲ್ಲ. ದವಡೆಯನ್ನು ಬಲವಾಗಿ ಒತ್ತುವುದರಿಂದ ಆಗುವ ಕೇಡು ಅದಕ್ಕಿಂತ ಗೂಢವಾದುದು. ಕ್ಯಾಲಿಪರಿನಲ್ಲಿ ಅಳತೆಯ ಗೆರೆಗಳು ಒಂದು ಕಡೆ, ಮುಟ್ಟುವ ತುದಿಯು ಇನ್ನೊಂದು ಕಡೆ. ಇವೆರಡೂ ಒಂದೇ ನೇರದಲ್ಲಿರಬೇಕೆಂದು ಜರ್ಮನಿಯ ಅರ್ನ್ಸ್ಟ್ ಅಬ್ಬೆಯು ೧೮೯೦ರಲ್ಲಿ ವಿಧಿಸಿದ ತತ್ವಕ್ಕೆ ಈ ಸಾಧನವು ಹುಟ್ಟಿನಿಂದಲೇ ವಿರುದ್ಧವಾದುದು. ನಮ್ಮ ಅಳತೆಯಲ್ಲಿ ಉಪಯೋಗಕ್ಕೆ ಬರುವುದು ದವಡೆಯ ಕಟ್ಟಕಡೆಯ ತುದಿಯೇ ಆದುದರಿಂದ, ಒತ್ತಿದಷ್ಟೂ ಜಾರುವ ದವಡೆಯು ವಾಲಿ, ‘ಹ’ವು ಕುಗ್ಗಿಯೂ ‘ದೂ’ವು ಹಿಗ್ಗಿಯೂ ಕಾಣುತ್ತವೆ.

ಕೊನೆಯದಾಗಿ, ದವಡೆಯು ರಂಧ್ರದೊಳಗೆ ಹೋಗಲಾರದ ಅಥವಾ ಹೋದರೂ ನಂಬಲಾರದ ಸಂದರ್ಭಗಳಿವೆ. ಇದೇ ಸಂಘದ ‘ನೆಮಾ ೧೭’ ಎಂಬ ಚಿಕ್ಕ ಮೋಟರಿನಲ್ಲಿ ರಂಧ್ರಗಳು ೩೧ ಮಿಲಿಮೀಟರ್ ಅಂತರದಲ್ಲಿ, ೩ ಮಿಲಿಮೀಟರಿನ ತಿರುಪುಗಳಿಗಾಗಿ ಕೊರೆದವು. ತಿರುಪಿನ ಏಣುಗಳ ಮೇಲೆ ದವಡೆಯು ಎಲ್ಲಿ ನಿಂತಿತೆಂದು ಹೇಳುವಂತಿಲ್ಲ. ಇಂಥಲ್ಲಿ ರಂಧ್ರಗಳಿಗೆ ತಿರುಪುಮೊಳೆಗಳನ್ನು ತಿರುಗಿಸಿ, ಅಥವಾ ಬರಿಯ ರಂಧ್ರಗಳಾದರೆ ನುಣುಪಾದ ಉಕ್ಕಿನ ಪಿನ್ನುಗಳನ್ನು ಇಳಿಸಿ, ಆ ಎರಡು ಕಂಬಗಳ ಹೊರಮೈಗಳ ಅಂತರವನ್ನು ದೊಡ್ಡ ದವಡೆಗಳಿಂದಲೂ ಒಳಮೈಗಳ ಅಂತರವನ್ನು ಚಿಕ್ಕ ದವಡೆಗಳಿಂದಲೂ ತೆಗೆದುಕೊಂಡು, ಮೊದಲಿನಂತೆಯೇ ಕೂಡಿಸಿ ಅರ್ಧಮಾಡಬೇಕು. ಹೊರಗಿನಿಂದ ಹಿಡಿದಾಗ ಪಿನ್ನುಗಳು ಸಡಿಲವಿದ್ದಷ್ಟು ಒಂದರತ್ತ ಒಂದು ಸರಿಯುತ್ತವೆ. ಒಳಗಿನಿಂದ ಒತ್ತಿದಾಗ ಅಷ್ಟೇ ದೂರ ಸರಿಯುತ್ತವೆ. ಮೊತ್ತದಲ್ಲಿ ಸಡಿಲವು ಕಳೆದುಹೋಗುತ್ತದೆ. ಉಬ್ಬಿದ ಮೈಯನ್ನು ಚಪ್ಪಟೆಯಾದ ದವಡೆಯು ಮುಟ್ಟುವುದರಿಂದ ಶರದ ತೊಡಕೂ ಇಲ್ಲ. ಪಿನ್ನುಗಳು ವಾಲಿದ್ದರೆ ತಪ್ಪು ನುಸುಳುವುದರಿಂದ, ದವಡೆಗಳನ್ನು ಲೋಹದ ಮೈಗೆ ಆದಷ್ಟು ಸಮೀಪದಲ್ಲಿ ಹಿಡಿಯಬೇಕು. ನಮ್ಮ ದೊಡ್ಡ ಮೋಟರಿನಲ್ಲಿ ೫.೦೦ ಮಿಲಿಮೀಟರಿನ ಪಿನ್ನುಗಳನ್ನಿಟ್ಟು ನೋಡಲು ಹೊರಗೆ ೫೨.೦೪, ಒಳಗೆ ೪೨.೨೪ ಬಂದು, ಅರ್ಧವು ೪೭.೧೪ ಆಯಿತು. ಹಲಗೆಯನ್ನು ಆ ಅಳತೆಗೇ ಕೊರೆಯಿಸಿದೆವು. ನಾಲ್ಕು ಬೋಲ್ಟುಗಳೂ ಬೆರಳಿನಿಂದಲೇ ತಿರುಗಿ ಕುಳಿತುವು.